ಸಮೀಕ್ಷೆಯ ಅಂಕಿಗಳಿಗೆ ಯಾವ ಚಾರ್ಟ್, ಯಾವ ಕೋಷ್ಟಕ? ಉಡುಪಿಯ ಬೇಸಿಗೆ ನೀರಿನ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಒಂದು ಬೇಸಿಗೆಯಲ್ಲಿ ಉಡುಪಿಯ ಕೆಲವು ಪದವಿ ವಿದ್ಯಾರ್ಥಿಗಳು ತಮ್ಮ ಸಮೀಕ್ಷೆಯ ವರದಿಯನ್ನು ನನ್ನ ಬಳಿ ತಂದರು. ಏಪ್ರಿಲ್ ಬಿಸಿಲಿನಲ್ಲಿ ಮನೆಮನೆಗೆ ನಡೆದು, ನೀರು ಸಾಲುತ್ತದೆಯೇ ಎಂದು ಕೇಳಿ ಬರೆದುಕೊಂಡಿದ್ದರು. ವರದಿಯ ಮೊದಲ ಪುಟದಲ್ಲೇ ಮೂರು ಕಂಬಗಳ ಚಾರ್ಟ್ ಇತ್ತು. ಅದನ್ನು ನಂಬುವುದಾದರೆ ನೀರಿನ ಕೊರತೆ ಎಲ್ಲಕ್ಕಿಂತ ಕಡಿಮೆ ಇರುವುದು ಗುಡ್ಡೆಯ ಮೇಲಿನ ಮನೆಗಳಲ್ಲಿ. ನಮ್ಮ ಕಡೆಯ ಮುರಕಲ್ಲಿನ ಗುಡ್ಡೆಗಳಲ್ಲಿ ಬಾವಿ ಎಷ್ಟು ಆಳ, ಮಳೆಗಾಲ ಮುಗಿದು ಎಷ್ಟು ಬೇಗ ತಳ ಕಾಣುತ್ತದೆ ಎಂದು ಬಲ್ಲವರು ಆ ಚಾರ್ಟನ್ನು ಒಪ್ಪುವಂತಿರಲಿಲ್ಲ. ಕಾಗದಗಳನ್ನೆಲ್ಲ ಮತ್ತೆ ಎಣಿಸಿದೆವು. ಎಣಿಕೆ ಸರಿಯಾಗಿಯೇ ಇತ್ತು. ತಪ್ಪು ಚಾರ್ಟಿನಲ್ಲಿತ್ತು: ಅದು ಯಾರೂ ಕೇಳದ ಪ್ರಶ್ನೆಯೊಂದಕ್ಕೆ ಉತ್ತರ ಹೇಳುತ್ತಿತ್ತು.

ಆ ತಪ್ಪನ್ನು ಆಮೇಲೆ ಇನ್ನೂ ಹಲವು ವರದಿಗಳಲ್ಲಿ ಕಂಡೆ. ಆದ್ದರಿಂದ ಒಂದೇ ಪ್ರಶ್ನೆಯ ಉತ್ತರಗಳನ್ನು ಎಣಿಕೆಯಿಂದ ಮುದ್ರಣದವರೆಗೆ ಹೇಗೆ ಕೊಂಡೊಯ್ಯಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕೆಳಗಿನ ಅಂಕಿಗಳು ಆ ವಿದ್ಯಾರ್ಥಿಗಳವಲ್ಲ, ಯಾವ ನಿಜವಾದ ಸಮೀಕ್ಷೆಯವೂ ಅಲ್ಲ; ಲೆಕ್ಕ ಕಣ್ಣಿಗೆ ಕಾಣಲೆಂದು ನಾನೇ ಕಟ್ಟಿದವು.

ಮೊದಲ ಹಂತ: ಎಣಿಕೆಯ ಕೋಷ್ಟಕ

240 ಮನೆಗಳಿಗೆ ಹೋಗಿದ್ದೇವೆ ಎಂದುಕೊಳ್ಳಿ. ಕಡಲಬದಿಯಲ್ಲಿ 80, ಪೇಟೆಯಲ್ಲಿ 120, ಗುಡ್ಡೆಬದಿಯಲ್ಲಿ 40. ಪ್ರಶ್ನೆ ಒಂದೇ: "ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಿಮ್ಮ ಮನೆಗೆ ನೀರು ಸಾಲುತ್ತದೆಯೇ?" ಉತ್ತರಗಳು ನಾಲ್ಕು: ಯಾವಾಗಲೂ ಸಾಲುತ್ತದೆ, ಹೆಚ್ಚಿನ ದಿನ ಸಾಲುತ್ತದೆ, ಆಗಾಗ ಕೊರತೆ, ದಿನವೂ ಕೊರತೆ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಮನೆಗೆ ಒಂದು ಸಾಲು ಇರಲಿ. `B` ಕಂಬಸಾಲಿನಲ್ಲಿ ಪ್ರದೇಶ, `C` ಕಂಬಸಾಲಿನಲ್ಲಿ ಉತ್ತರ. ಉತ್ತರವನ್ನು ಕನ್ನಡ ವಾಕ್ಯವಾಗಿ ಟೈಪ್ ಮಾಡಬೇಡಿ. 1, 2, 3, 4 ಎಂದು ಸಂಕೇತ ಕೊಡಿ, ಉತ್ತರ ಸಿಗದಿದ್ದರೆ 9. ಪ್ರದೇಶಕ್ಕೂ ಹಾಗೆಯೇ ಸಂಕೇತವಿರಲಿ. ಇದಕ್ಕೆ ಬಲವಾದ ಕಾರಣವಿದೆ. "ಗುಡ್ಡೆಬದಿ" ಮತ್ತು "ಗುಡ್ಡೆ ಬದಿ" ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಪದದ ಕೊನೆಯಲ್ಲಿ ಸೇರಿಕೊಂಡ ಒಂದು ಖಾಲಿ ಜಾಗವನ್ನೋ, ಕನ್ನಡ ಕೀಲಿಮಣೆ ಒತ್ತಕ್ಷರಗಳ ನಡುವೆ ಸೇರಿಸುವ ಕಾಣದ ಚಿಹ್ನೆಯನ್ನೋ ನಾವು ಹುಡುಕಿ ಹಿಡಿಯುವುದು ಬಹಳ ಕಷ್ಟ.

ಎಣಿಕೆಗೆ ಈ ಸೂತ್ರ ಸಾಕು. `E` ಕಂಬಸಾಲಿನಲ್ಲಿ ಪ್ರದೇಶದ ಸಂಕೇತ, ಮೊದಲ ಸಾಲಿನಲ್ಲಿ ಉತ್ತರದ ಸಂಕೇತ ಇರಬೇಕು:

```
=COUNTIFS($B$2:$B$241,$E2,$C$2:$C$241,F$1)
```

ಸಿಗುವ ಕೋಷ್ಟಕ ಹೀಗಿರುತ್ತದೆ:

| ಪ್ರದೇಶ | ಯಾವಾಗಲೂ ಸಾಲುತ್ತದೆ | ಹೆಚ್ಚಿನ ದಿನ ಸಾಲುತ್ತದೆ | ಆಗಾಗ ಕೊರತೆ | ದಿನವೂ ಕೊರತೆ | ಉತ್ತರವಿಲ್ಲ | ಒಟ್ಟು |
|---|---|---|---|---|---|---|
| ಕಡಲಬದಿ | 12 | 20 | 28 | 16 | 4 | 80 |
| ಪೇಟೆ | 42 | 36 | 24 | 12 | 6 | 120 |
| ಗುಡ್ಡೆಬದಿ | 8 | 6 | 12 | 12 | 2 | 40 |
| ಒಟ್ಟು | 62 | 62 | 64 | 40 | 12 | 240 |

ಒಟ್ಟು 240 ಬಂದಿದೆಯೇ ಎಂದು ನೋಡದೆ ಮುಂದಕ್ಕೆ ಹೋಗಬೇಡಿ. 237 ಬಂದರೆ ಮೂರು ಮನೆಗಳು ಎಲ್ಲೋ ಟೈಪಿಂಗ್ ತಪ್ಪಿನಲ್ಲಿ ಕಳೆದುಹೋಗಿವೆ ಎಂದರ್ಥ.

ಎರಡನೆಯ ಹಂತ: ಶೇಕಡಾ ಯಾವ ದಿಕ್ಕಿನಲ್ಲಿ?

ನನ್ನ ಅನುಭವದಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ, ಚಾರ್ಟ್ ಬರೆಯುವ ಮೊದಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

"ಆಗಾಗ" ಮತ್ತು "ದಿನವೂ" ಎಂದವರನ್ನು ಕೂಡಿಸಿದರೆ ಕೊರತೆ ಇರುವ ಮನೆಗಳು ಕಡಲಬದಿಯಲ್ಲಿ 44, ಪೇಟೆಯಲ್ಲಿ 36, ಗುಡ್ಡೆಬದಿಯಲ್ಲಿ 24. ಈ ಮೂರು ಸಂಖ್ಯೆಗಳನ್ನು ಹಾಗೆಯೇ ಕಂಬಗಳಾಗಿ ಬರೆದರೆ ಗುಡ್ಡೆಬದಿಯ ಕಂಬ ಎಲ್ಲಕ್ಕಿಂತ ಗಿಡ್ಡ. ಶೇಕಡಾ ಮಾಡಿದರೂ ಇದು ತಾನಾಗಿ ಸರಿಹೋಗುವುದಿಲ್ಲ. ಕೊರತೆ ಇರುವ 104 ಮನೆಗಳನ್ನೇ ಬುಡವಾಗಿ, ಅಂದರೆ ನೂರು ಎಂದು, ಇಟ್ಟುಕೊಂಡರೆ ಕಡಲಬದಿ ಶೇ. 42, ಪೇಟೆ ಶೇ. 35, ಗುಡ್ಡೆಬದಿ ಶೇ. 23. ಗುಡ್ಡೆ ಮತ್ತೆ ಕೊನೆಗೇ ಹೋಯಿತು. ವಿದ್ಯಾರ್ಥಿಗಳ ವರದಿಯಲ್ಲಿ ಆಗಿದ್ದುದು ಇದೇ.

ಗುಡ್ಡೆಯ ಕಂಬ ಗಿಡ್ಡವಾದದ್ದು ಅಲ್ಲಿ ನೀರು ಹೆಚ್ಚಿರುವುದರಿಂದಲ್ಲ, ನಾವು ಅಲ್ಲಿ 40 ಮನೆಗಳಿಗೆ ಮಾತ್ರ ಹೋದದ್ದರಿಂದ. ಬಿಸಿಲಿನಲ್ಲಿ ಗುಡ್ಡೆ ಹತ್ತುವುದು ಕಷ್ಟವಾಗಿ ಇನ್ನೂ ಹತ್ತು ಮನೆ ಬಿಟ್ಟಿದ್ದರೆ ಚಾರ್ಟಿನಲ್ಲಿ ಅಲ್ಲಿನ ಕೊರತೆ ಇನ್ನೂ ಕಡಿಮೆಯಾಗುತ್ತಿತ್ತು. ಆ ಕಂಬಗಳು ಅಳೆದದ್ದು ನಮ್ಮ ನಡಿಗೆಯನ್ನು.

ಈಗ ಪ್ರತಿ ಪ್ರದೇಶದ ಮನೆಗಳನ್ನು ಆ ಪ್ರದೇಶದ್ದೇ ಬುಡದಿಂದ ಭಾಗಿಸಿ. ಕಡಲಬದಿಯಲ್ಲಿ ಉತ್ತರ ಕೊಟ್ಟ 76 ಮನೆಗಳಲ್ಲಿ 44, ಅಂದರೆ ಶೇ. 58. ಪೇಟೆಯ 114ರಲ್ಲಿ 36, ಶೇ. 32. ಗುಡ್ಡೆಬದಿಯ 38ರಲ್ಲಿ 24, ಶೇ. 63. ಕೊನೆಯಲ್ಲಿದ್ದ ಗುಡ್ಡೆ ಮೊದಲಿಗೆ ಬಂತು. ಒಂದು ಅಂಕಿಯನ್ನೂ ನಾವು ಬದಲಿಸಿಲ್ಲ.

ಯಾವ ದಿಕ್ಕು ಸರಿ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಹೇಳಬೇಕಾದ ವಾಕ್ಯವನ್ನು "...ರಲ್ಲಿ ಎಷ್ಟು ಮಂದಿ" ಎಂಬ ರೂಪದಲ್ಲಿ ಪೂರ್ತಿಯಾಗಿ ಬರೆಯಿರಿ. "ಗುಡ್ಡೆಬದಿಯ ಮನೆಗಳಲ್ಲಿ ಎಷ್ಟಕ್ಕೆ ಕೊರತೆ?" ಎಂದರೆ ಬುಡ ಗುಡ್ಡೆಬದಿಯ ಮನೆಗಳು. "ಕೊರತೆಯ ಮನೆಗಳಲ್ಲಿ ಎಷ್ಟು ಗುಡ್ಡೆಯವು?" ಎಂದರೆ ಬುಡ ಕೊರತೆಯ ಮನೆಗಳು. "ಅಲ್ಲಿ" ವಿಭಕ್ತಿ ಯಾವ ಪದಕ್ಕೆ ಹತ್ತುತ್ತದೋ ಅದೇ ನಿಮ್ಮ ನೂರು. ಎರಡನೆಯ ಪ್ರಶ್ನೆಗೂ ಅದರದೇ ಸಂದರ್ಭವಿದೆ; ಟ್ಯಾಂಕರುಗಳನ್ನು ಹಂಚುವವರಿಗೆ ಅದು ಬೇಕು. ಆದರೆ ಅದಕ್ಕೆ ಪ್ರತಿ ಪ್ರದೇಶದಲ್ಲಿ ನಿಜವಾಗಿ ಎಷ್ಟು ಮನೆಗಳಿವೆಯೋ ಆ ಅನುಪಾತದಲ್ಲಿ ನಾವು ಮನೆಗಳನ್ನು ಆರಿಸಿರಬೇಕು. "ಇಡೀ ಊರಿನಲ್ಲಿ ಶೇ. 46 ಮನೆಗಳಿಗೆ ಕೊರತೆ" ಎಂದು 228ರಲ್ಲಿ 104ನ್ನು ಲೆಕ್ಕ ಹಾಕಿ ಹೇಳುವುದಕ್ಕೂ ಇದೇ ಮಿತಿ. ಆ ಅನುಪಾತ ಗೊತ್ತಿಲ್ಲದಿದ್ದರೆ ಚಾರ್ಟಿನಲ್ಲಿ "ಒಟ್ಟು" ಎಂಬ ಕಂಬವನ್ನೇ ಹಾಕಬೇಡಿ.

ಉತ್ತರ ಕೊಡದ ಮನೆಗಳ ಬಗ್ಗೆ ಒಂದು ಮಾತು. ನಾನು ಅವನ್ನು ಬುಡದಿಂದ ತೆಗೆದಿದ್ದೇನೆ. ತೆಗೆಯದೆಯೂ ಲೆಕ್ಕ ಹಾಕಬಹುದು, ಆಗ ಗುಡ್ಡೆಬದಿಯದು ಶೇ. 60, ಕಡಲಬದಿಯದು ಶೇ. 55, ಪೇಟೆಯದು ಶೇ. 30 ಆಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಎಲ್ಲ ಪ್ರದೇಶಗಳಿಗೂ ಅದನ್ನೇ ಹಿಡಿಯಿರಿ, ಮತ್ತು ಎಷ್ಟು ಮನೆ ಬಿಟ್ಟಿರಿ ಎಂದು ಚಾರ್ಟಿನ ಕೆಳಗೆ ಬರೆಯಿರಿ. ಒಂದು ಪ್ರದೇಶದಲ್ಲಿ ಮಾತ್ರ ಬಾಗಿಲು ಹಾಕಿದ ಮನೆಗಳು ಹೆಚ್ಚಿದ್ದರೆ ಅದನ್ನು ಬೇರೆಯಾಗಿಯೇ ಹೇಳಬೇಕು. ಕಡಲಬದಿಯಲ್ಲಿ ಹಗಲು ಹೊತ್ತು ಹೋದರೆ ಬೋಟಿಗೂ ಬಂದರಿಗೂ ಹೋದವರು ಮನೆಯಲ್ಲಿ ಸಿಗುವುದಿಲ್ಲ.

ಮೂರನೆಯ ಹಂತ: ಕೋಷ್ಟಕವೋ ಚಾರ್ಟೋ?

ಓದುವವರು ಆ ಪುಟದಲ್ಲಿ ಏನು ಹುಡುಕುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ತನ್ನ ವಾರ್ಡಿನ ಸಂಖ್ಯೆ ಬೇಕಾದವರಿಗೆ ಕೋಷ್ಟಕವೇ ಬೇಕು. ಕಂಬದ ತುದಿಯಿಂದ ಅಡ್ಡಗೆರೆ ಎಳೆದು ಸಂಖ್ಯೆ ಊಹಿಸುವ ಶ್ರಮವನ್ನು ಅವರಿಗೆ ಕೊಡಬಾರದು. ಯಾವ ಕಡೆ ಹೆಚ್ಚು, ಅಂತರ ಎಷ್ಟು ದೊಡ್ಡದು ಎಂಬುದು ಒಂದೇ ನೋಟದಲ್ಲಿ ತಿಳಿಯಬೇಕಾದರೆ ಚಾರ್ಟ್. ಎರಡು ಸಂಖ್ಯೆಗಳಷ್ಟೇ ಇದ್ದರೆ ಎರಡೂ ಬೇಡ, ಒಂದು ವಾಕ್ಯ ಸಾಕು.

ಕೋಷ್ಟಕ ಕೊಡುವುದಾದರೆ ಹೀಗೆ ಕೊಡುತ್ತೇನೆ:

| ಪ್ರದೇಶ (ಉತ್ತರ ಕೊಟ್ಟ ಮನೆಗಳು) | ಯಾವಾಗಲೂ ಸಾಲುತ್ತದೆ ಶೇ. | ಹೆಚ್ಚಿನ ದಿನ ಸಾಲುತ್ತದೆ ಶೇ. | ಆಗಾಗ ಕೊರತೆ ಶೇ. | ದಿನವೂ ಕೊರತೆ ಶೇ. |
|---|---|---|---|---|
| ಗುಡ್ಡೆಬದಿ (38) | 21 | 16 | 32 | 32 |
| ಕಡಲಬದಿ (76) | 16 | 26 | 37 | 21 |
| ಪೇಟೆ (114) | 37 | 32 | 21 | 11 |

ಸಾಲುಗಳನ್ನು ಅಕಾರಾದಿಯಾಗಿ ಇಟ್ಟಿಲ್ಲ, ಕೊರತೆ ಹೆಚ್ಚಿರುವಲ್ಲಿಂದ ಕಡಿಮೆ ಇರುವ ಕಡೆಗೆ ಇಟ್ಟಿದ್ದೇನೆ. ಬುಡದ ಸಂಖ್ಯೆ ಪ್ರದೇಶದ ಹೆಸರಿನ ಪಕ್ಕದಲ್ಲೇ ಇದೆ. ದಶಾಂಶಗಳಿಲ್ಲ, 38 ಮನೆಗಳಲ್ಲಿ ಒಂದು ಮನೆಯೇ ಶೇ. 2.6 ಆಗುವಾಗ 31.58 ಎಂದು ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. ಗುಡ್ಡೆಬದಿ ಮತ್ತು ಪೇಟೆಯ ಸಾಲುಗಳನ್ನು ಕೂಡಿಸಿದರೆ 101 ಬರುತ್ತದೆ. ಒಂದನ್ನು ಕಳೆದು 100 ಮಾಡುವ ಆಸೆಗೆ ಬೀಳಬೇಡಿ. "ಪೂರ್ಣಾಂಕಕ್ಕೆ ತಂದುದರಿಂದ ಮೊತ್ತ ನೂರಕ್ಕಿಂತ ತುಸು ಹೆಚ್ಚು ಕಡಿಮೆ ಇರಬಹುದು" ಎಂದು ಕೆಳಗೆ ಬರೆದರೆ ಮುಗಿಯಿತು. ಕೊರತೆಯ ಎರಡು ಉತ್ತರಗಳನ್ನು ಕೂಡಿಸುವಾಗಲೂ ಮೂಲ ಎಣಿಕೆಯಿಂದಲೇ ಲೆಕ್ಕ ಹಾಕಿ: ಗುಡ್ಡೆಬದಿಯಲ್ಲಿ 32ಕ್ಕೆ 32 ಕೂಡಿಸಿದರೆ 64, ನಿಜವಾದದ್ದು 63.

ನಾಲ್ಕನೆಯ ಹಂತ: ಯಾವ ಚಾರ್ಟ್?

ಬಹಳ ಮಂದಿ ಇಲ್ಲಿ ಪ್ರದೇಶಕ್ಕೆ ಒಂದರಂತೆ ಮೂರು ಪೈ ಚಾರ್ಟ್ ಹಾಕುತ್ತಾರೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರು ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ಹೋಲಿಸುವಾಗ ತಪ್ಪು ಕಡಿಮೆ ಮಾಡಿದರು, ಕೋನಗಳನ್ನು ಹೋಲಿಸುವಾಗ ಹೆಚ್ಚು ಮಾಡಿದರು. ಬೇರೆ ಬೇರೆ ವೃತ್ತಗಳಲ್ಲಿ, ಬೇರೆ ಬೇರೆ ದಿಕ್ಕಿಗೆ ತಿರುಗಿರುವ ತುಂಡುಗಳನ್ನು ಹೋಲಿಸುವುದು ಇನ್ನೂ ಕಷ್ಟ. ಒಂದೇ ಗುಂಪು, ಎರಡು ಮೂರು ಭಾಗ, "ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ" ಎಂಬಷ್ಟೇ ಮಾತು ಇದ್ದರೆ ಪೈ ಚಾರ್ಟ್ ತೊಂದರೆಯಿಲ್ಲ.

ಪೈ ಚಾರ್ಟ್ ಸಂಪೂರ್ಣ ತಪ್ಪಾಗುವ ಜಾಗ ಒಂದಿದೆ: ಒಬ್ಬರೇ ಹಲವು ಉತ್ತರ ಕೊಡಬಹುದಾದ ಪ್ರಶ್ನೆ. "ನೀರು ಎಲ್ಲಿಂದ?" ಎಂದು ಕೇಳಿದರೆ ನಮ್ಮಲ್ಲಿ ಬಾವಿಯೂ ಇರುತ್ತದೆ, ನಳ್ಳಿಯೂ ಇರುತ್ತದೆ. ಉಡುಪಿ ನಗರದ ನಳ್ಳಿ ನೀರು ಬಹುಕಾಲದಿಂದ ಬಂದಿರುವುದು ಮುಖ್ಯವಾಗಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಅಲ್ಲಿ ಮಟ್ಟ ಇಳಿದಾಗ ಅದೇ ಮನೆ ಟ್ಯಾಂಕರ್ ತರಿಸುತ್ತದೆ. ನೂರು ಮನೆಗಳಲ್ಲಿ ಬಾವಿ ಎಂದವರು 70, ನಳ್ಳಿ ಎಂದವರು 55, ಟ್ಯಾಂಕರ್ ಎಂದವರು 15 ಎಂದಿರಲಿ. ಮೊತ್ತ 140. ಪೈ ಚಾರ್ಟಿಗೆ ಕೊಟ್ಟರೆ ಕಂಪ್ಯೂಟರ್ ಏನೂ ಹೇಳದೆ 140ನ್ನೇ ನೂರು ಮಾಡಿಕೊಂಡು ಬಾವಿಗೆ ಶೇ. 50 ಎಂದು ತೋರಿಸುತ್ತದೆ. ನೂರರಲ್ಲಿ ಎಪ್ಪತ್ತು ಮನೆ ಅರ್ಧಕ್ಕೆ ಇಳಿಯಿತು. ಇಂಥ ಪ್ರಶ್ನೆಗೆ ಪ್ರತಿ ಉತ್ತರಕ್ಕೂ ಬೇರೆ ಬೇರೆ ಪಟ್ಟಿ ಇರುವ ಸಾದಾ ಬಾರ್ ಚಾರ್ಟ್ ಬಳಸಿ.

ನಮ್ಮ ನಾಲ್ಕು ಉತ್ತರಗಳ ಪ್ರಶ್ನೆಗೆ ಮೊದಲು ಹೊಳೆಯುವುದು `100% Stacked Bar`, ಅಂದರೆ ಪ್ರದೇಶಕ್ಕೊಂದು ಅಡ್ಡಪಟ್ಟಿ, ಅದರೊಳಗೆ ನಾಲ್ಕು ತುಂಡು. ಇದರಲ್ಲಿ ಎರಡು ತುದಿಯ ತುಂಡುಗಳನ್ನು ಹೋಲಿಸುವುದು ಸುಲಭ, ಏಕೆಂದರೆ ಅವು ಒಂದೇ ಗೆರೆಗೆ ಅಂಟಿಕೊಂಡಿವೆ. ನಡುವಿನ ತುಂಡುಗಳು ಮಾತ್ರ ಪ್ರತಿ ಪಟ್ಟಿಯಲ್ಲಿ ಬೇರೆ ಜಾಗದಿಂದ ಶುರುವಾಗುತ್ತವೆ. "ಸಾಲುತ್ತದೆ" ಮತ್ತು "ಕೊರತೆ" ನಡುವಿನ ಗಡಿಯೇ ನಮಗೆ ಮುಖ್ಯವಾದುದರಿಂದ ಆ ಗಡಿಯನ್ನೇ ನೆಟ್ಟಗೆ ನಿಲ್ಲಿಸುವ ಚಾರ್ಟ್ ಇನ್ನೂ ಒಳ್ಳೆಯದು. ನಡುವೆ ಒಂದು ಸೊನ್ನೆಗೆರೆ, ಅದರ ಎಡಕ್ಕೆ ಸಾಲುತ್ತದೆ ಎಂದವರು, ಬಲಕ್ಕೆ ಕೊರತೆ ಎಂದವರು. ಆಗ ಬಲಕ್ಕೆ ಗುಡ್ಡೆಬದಿ 63ರವರೆಗೆ, ಕಡಲಬದಿ 58ರವರೆಗೆ, ಪೇಟೆ 32ರವರೆಗೆ ಚಾಚುತ್ತವೆ. ಮೂರೂ ಒಂದೇ ಗೆರೆಯಿಂದ ಹೊರಟಿರುತ್ತವೆ.

ಎಕ್ಸೆಲ್‌ನಲ್ಲಿ ಇದನ್ನು ಮಾಡುವುದು ಹೀಗೆ. ಸಾಲುತ್ತದೆ ಎಂಬ ಎರಡು ಉತ್ತರಗಳ ಶೇಕಡಾಗಳ ಮುಂದೆ ಋಣ ಚಿಹ್ನೆ ಹಾಕಿ. ದತ್ತಾಂಶದ ಕಂಬಸಾಲುಗಳನ್ನು ಈ ಕ್ರಮದಲ್ಲಿ ಜೋಡಿಸಿ: ಹೆಚ್ಚಿನ ದಿನ ಸಾಲುತ್ತದೆ, ಯಾವಾಗಲೂ ಸಾಲುತ್ತದೆ, ಆಗಾಗ ಕೊರತೆ, ದಿನವೂ ಕೊರತೆ. ಮೊದಲು ಬಂದದ್ದು ಸೊನ್ನೆಗೆರೆಗೆ ಹತ್ತಿರ ಕೂರುತ್ತದೆ, ಆದ್ದರಿಂದ ಮೃದುವಾದ ಉತ್ತರಗಳು ನಡುವಿಗೂ ತೀವ್ರವಾದವು ಹೊರತುದಿಗೂ ಬರುತ್ತವೆ. ಅನಂತರ `Insert` ಪಟ್ಟಿಯಿಂದ `Stacked Bar` ಆರಿಸಿ, `100%` ಇರುವುದನ್ನಲ್ಲ. ಅಳತೆಗೆರೆಯಲ್ಲಿ ಋಣ ಚಿಹ್ನೆ ಕಾಣದಿರಲು ಸಂಖ್ಯೆಯ ರೂಪವನ್ನು ಹೀಗೆ ಕೊಡಿ:

```
0;0
```

ಪ್ರದೇಶದ ಹೆಸರುಗಳು ಪಟ್ಟಿಗಳ ಮೇಲೆ ಬಿದ್ದರೆ `Format Axis` ಒಳಗೆ `Label Position` ಅನ್ನು `Low` ಮಾಡಿ. ಪ್ರದೇಶಗಳು ತಲೆಕೆಳಗಾಗಿ ಬಂದಿದ್ದರೆ ಅಲ್ಲೇ `Categories in reverse order` ಗುರುತಿಸಿ. ಪಟ್ಟಿಗಳನ್ನು ಅಡ್ಡಲಾಗಿ ಇಡಲು ಇನ್ನೊಂದು ಕಾರಣ ಕನ್ನಡವೇ: ನಮ್ಮ ಉದ್ದ ಪದಗಳು ನೆಟ್ಟನೆಯ ಕಂಬದ ಕೆಳಗೆ ಓರೆಯಾಗಿ ಮಲಗಿ ಓದಲು ಬಾರದಂತಾಗುತ್ತವೆ.

ಗೆರೆಯ ಚಾರ್ಟ್ ಇಲ್ಲಿ ಬೇಡ. ಕಡಲಬದಿಯಿಂದ ಪೇಟೆಗೆ ಗೆರೆ ಎಳೆದರೆ ನಡುವೆ ಏನೋ ಏರಿದಂತೆ ಇಳಿದಂತೆ ಕಾಣುತ್ತದೆ, ಆದರೆ ಆ ನಡುವೆ ನಾವು ಅಳೆದದ್ದು ಏನೂ ಇಲ್ಲ. ಜನವರಿಯಿಂದ ಮೇವರೆಗೆ ಒಂದೇ ಬಾವಿಯ ನೀರಿನ ಮಟ್ಟವನ್ನು ತಿಂಗಳು ತಿಂಗಳು ಅಳೆದಿದ್ದರೆ ಆಗ ಗೆರೆಯೇ ಸರಿ.

ಐದನೆಯ ಹಂತ: ಸೊನ್ನೆಯಿಂದ ಆರಂಭಿಸಿ

ಕಂಬದ ಉದ್ದವೇ ಅದರ ಮಾತು. ಅಳತೆಗೆರೆಯನ್ನು 25ರಿಂದ ಶುರುಮಾಡಿದರೆ ಗುಡ್ಡೆಬದಿಯ 63 ಕಾಗದದ ಮೇಲೆ 38ರಷ್ಟು ಉದ್ದ ಬರುತ್ತದೆ, ಪೇಟೆಯ 32 ಬರೀ 7ರಷ್ಟು. ನಿಜವಾದ ಅಂತರ ಎರಡು ಪಟ್ಟು. ಕಣ್ಣಿಗೆ ಕಾಣುವುದು ಐದು ಪಟ್ಟಿಗೂ ಹೆಚ್ಚು. ಯಾರೂ ಬೇಕೆಂದು ಹೀಗೆ ಮಾಡಬೇಕಾಗಿಲ್ಲ. ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಇದ್ದಾಗ, ಉದಾಹರಣೆಗೆ 58, 61, 63 ಎಂದಿದ್ದಾಗ, ಎಕ್ಸೆಲ್ ತಾನಾಗಿಯೇ ಸೊನ್ನೆಯನ್ನು ಬಿಟ್ಟು ಮೇಲಿನಿಂದ ಶುರುಮಾಡುತ್ತದೆ. ಇಂಥ ಸಾದಾ ಚಾರ್ಟಿನಲ್ಲಿ `Format Axis` ತೆರೆದು `Minimum` ಜಾಗದಲ್ಲಿ 0 ಎಂದು ಕೈಯಿಂದಲೇ ಬರೆಯಿರಿ; ನಡುವೆ ಸೊನ್ನೆಗೆರೆ ಇರುವ ಚಾರ್ಟಿನಲ್ಲಿ ಹಾಗೆ ಮಾಡಬೇಡಿ, ಎಡಬದಿ ಕಾಣದಾಗುತ್ತದೆ. ಮೂರು ಆಯಾಮದ ಕಂಬಗಳನ್ನೂ ಬಿಡಿ: ಅವುಗಳ ತುದಿ ಯಾವ ಗೆರೆಗೆ ಮುಟ್ಟಿದೆ ಎಂದು ಬರೆದವರಿಗೂ ಹೇಳಲಾಗುವುದಿಲ್ಲ.

ಆರನೆಯ ಹಂತ: ಚಿಕ್ಕ ಗುಂಪಿನ ಅನಿಶ್ಚಿತತೆ

ಚಾರ್ಟ್ ನೋಡಿದೊಡನೆ "ಗುಡ್ಡೆಬದಿಯಲ್ಲಿ ಕಡಲಬದಿಗಿಂತ ಕೊರತೆ ಹೆಚ್ಚು" ಎಂದು ಬರೆಯಬೇಕೆನಿಸುತ್ತದೆ. 63 ಮತ್ತು 58, ಹೌದಲ್ಲ? ಆದರೆ ಗುಡ್ಡೆಬದಿಯಲ್ಲಿ ಉತ್ತರ ಕೊಟ್ಟವರು 38 ಮನೆಗಳು. ಬೇರೆ 38 ಮನೆಗಳಿಗೆ ಹೋಗಿದ್ದರೆ ಉತ್ತರ ಎಷ್ಟು ಬದಲಾಗಬಹುದಿತ್ತು ಎಂದು ಅಂದಾಜು ಮಾಡಲು ಸಾಮಾನ್ಯವಾಗಿ ಬಳಸುವ ಸೂತ್ರ ಇದು. `p` ಎಂದರೆ ದಶಾಂಶದಲ್ಲಿ ಶೇಕಡಾ, `n` ಎಂದರೆ ಬುಡ:

```
=1.96*SQRT(p*(1-p)/n)
```

ಬಂದ ಉತ್ತರವನ್ನು ನೂರರಿಂದ ಗುಣಿಸಿದರೆ ಗುಡ್ಡೆಬದಿಗೆ ಇದು ಸುಮಾರು 15 ಶೇಕಡಾ ಅಂಶ ಬರುತ್ತದೆ, ಕಡಲಬದಿಗೆ 11, ಪೇಟೆಗೆ 9. ಅಂದರೆ ಗುಡ್ಡೆಬದಿಯ ನಿಜವಾದ ಪ್ರಮಾಣ 48ರಿಂದ 78ರ ನಡುವೆ ಎಲ್ಲಿಯೂ ಇರಬಹುದು. ಕಡಲಬದಿಯೊಂದಿಗಿನ ಐದು ಅಂಶದ ಅಂತರಕ್ಕೆ ಈ ಸಮೀಕ್ಷೆಯಲ್ಲಿ ಬಲವಿಲ್ಲ. ಪೇಟೆಯ ಮಾತು ಬೇರೆ. ಅದರ ಮೇಲಿನ ತುದಿ ಸುಮಾರು 40, ಉಳಿದೆರಡರ ಕೆಳತುದಿಗಳು 47, 48. ಆದ್ದರಿಂದ ವರದಿಯಲ್ಲಿ ಬರೆಯಬಹುದಾದ ವಾಕ್ಯ ಇದು: "ಗುಡ್ಡೆಬದಿ ಮತ್ತು ಕಡಲಬದಿ ಎರಡರಲ್ಲೂ ಪೇಟೆಗಿಂತ ಕೊರತೆ ಸ್ಪಷ್ಟವಾಗಿ ಹೆಚ್ಚು; ಅವೆರಡರಲ್ಲಿ ಯಾವುದು ಹೆಚ್ಚು ಎಂದು ಈ ಸಮೀಕ್ಷೆಯಿಂದ ಹೇಳಲಾಗುವುದಿಲ್ಲ."

ಈ ಸೂತ್ರ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದಾಗ ಮಾತ್ರ ನಡೆಯುತ್ತದೆ. ಬಸ್ ನಿಲ್ದಾಣಕ್ಕೆ ಹತ್ತಿರದ ಮನೆಗಳಿಗೆ, ಪರಿಚಯದವರ ಮನೆಗಳಿಗೆ ಹೋಗಿದ್ದರೆ 15 ಎಂಬ ಅಂಶವೂ ಸುಳ್ಳು ಧೈರ್ಯವೇ. ಆಗ ಸೂತ್ರವನ್ನು ಬಿಟ್ಟು, ಮನೆಗಳನ್ನು ಹೇಗೆ ಆರಿಸಿದಿರಿ ಎಂದು ಬರೆಯಿರಿ. ಬುಡ 30ಕ್ಕಿಂತ ಕಡಿಮೆ ಇದ್ದಾಗ ನಾನು ಶೇಕಡಾ ಕೊಡುವುದೇ ಇಲ್ಲ. "14 ಮನೆಗಳಲ್ಲಿ 9" ಎಂದು ನೇರವಾಗಿ ಬರೆಯುತ್ತೇನೆ.

ಕೊನೆಯ ಹಂತ: ಶೀರ್ಷಿಕೆ, ಬಣ್ಣ, ಪರೀಕ್ಷೆ

ಚಾರ್ಟಿನ ಮೇಲೆ ಕಂಡದ್ದನ್ನು ವಾಕ್ಯವಾಗಿ ಬರೆಯಿರಿ: "ಬೇಸಿಗೆಯ ನೀರಿನ ಕೊರತೆ: ಗುಡ್ಡೆಬದಿ, ಕಡಲಬದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು, ಪೇಟೆಯಲ್ಲಿ ಮೂರರಲ್ಲೊಂದು". ಇದು ನಾವು ಹೋದ ಮನೆಗಳ ಮಾತು ಎಂಬುದು ಕೆಳಗಿನ ಟಿಪ್ಪಣಿಯಲ್ಲಿ ತಿಳಿಯಬೇಕು: ಕೇಳಿದ ಪ್ರಶ್ನೆ ಪದಕ್ಕೆ ಪದ, ಕೇಳಿದ ತಿಂಗಳು, ಪ್ರತಿ ಪ್ರದೇಶದ ಬುಡ, ಉತ್ತರ ಕೊಡದ 12 ಮನೆಗಳು. ಪ್ರಶ್ನೆಯ ಪದಗಳನ್ನು ಬಿಡಲೇಬಾರದು. "ಸಾಲುತ್ತದೆಯೇ" ಎಂದು ಕೇಳಿ "ಕುಡಿಯುವ ನೀರಿನ ಕೊರತೆ" ಎಂದು ಶೀರ್ಷಿಕೆ ಕೊಟ್ಟರೆ ಚಾರ್ಟ್ ಬೇರೆಯದೇ ವಿಷಯ ಹೇಳಿದಂತಾಯಿತು; ಹೊಳೆ ಕಡಲು ಸೇರುವ ಅಳಿವೆಯ ಬಳಿ ಬಾವಿಯಲ್ಲಿ ನೀರು ತುಂಬಿದ್ದೂ ಬೇಸಿಗೆಯಲ್ಲಿ ಉಪ್ಪಾಗಿ ಕುಡಿಯಲು ಬಾರದ ಮನೆಗಳಿವೆ.

ಕೊರತೆಗೆ ಕೆಂಪು, ಸಾಲುವುದಕ್ಕೆ ಹಸಿರು ಹಾಕುವುದು ರೂಢಿ. ಕೆಂಪು ಹಸಿರಿನ ಭೇದ ಕಾಣದವರು ಪ್ರತಿ ಸಭೆಯಲ್ಲೂ ಇರಬಹುದು, ಮತ್ತು ವರದಿ ಕೊನೆಗೆ ಜೆರಾಕ್ಸ್ ಆಗಿಯೇ ಕೈಯಿಂದ ಕೈಗೆ ಹೋಗುತ್ತದೆ; ಅಲ್ಲಿ ಎರಡೂ ಒಂದೇ ಬೂದು. ಸಾಲುವ ಬದಿಗೆ ನೀಲಿ, ಕೊರತೆಯ ಬದಿಗೆ ಕಿತ್ತಳೆ ಇರಲಿ. ಎರಡೂ ಬದಿಯಲ್ಲಿ ತೀವ್ರ ಉತ್ತರಕ್ಕೆ ಗಾಢ, ಮೃದು ಉತ್ತರಕ್ಕೆ ತೆಳು. ಕಪ್ಪು ಬಿಳುಪಿನಲ್ಲಿ ಎರಡು ಗಾಢ ಬಣ್ಣಗಳು ಒಂದೇ ಆದರೂ ಸೊನ್ನೆಗೆರೆಯ ಯಾವ ಬದಿ ಎಂಬುದು ಅವನ್ನು ಬೇರ್ಪಡಿಸುತ್ತದೆ. ತುಂಡುಗಳ ಒಳಗೇ ಸಂಖ್ಯೆ ಬರೆಯಿರಿ.

ಮುದ್ರಣಕ್ಕೆ ಕೊಡುವ ಮೊದಲು ಒಂದು ಪ್ರತಿಯನ್ನು ಕಪ್ಪು ಬಿಳುಪಿನಲ್ಲಿ ತೆಗೆಸಿ, ಸಮೀಕ್ಷೆಗೆ ಬಾರದ ಒಬ್ಬರ ಕೈಗೆ ಕೊಡಿ. ಪಕ್ಕದ ಮನೆಯ ಅಕ್ಕನಾದರೂ ಆಗಬಹುದು. ಮೂರು ಪ್ರಶ್ನೆ ಕೇಳಿ: ಎಲ್ಲಿ ಕೊರತೆ ಕಡಿಮೆ? ಅಲ್ಲಿಗೂ ಉಳಿದೆಡೆಗೂ ಎಷ್ಟು ಪಟ್ಟು ಅಂತರ? ಎಷ್ಟು ಮನೆಗಳು ಉತ್ತರ ಕೊಟ್ಟಿವೆ? ಪೇಟೆ, ಸುಮಾರು ಎರಡು ಪಟ್ಟು, 228 ಎಂಬ ಉತ್ತರಗಳು ಬಂದರೆ ಮುದ್ರಣಕ್ಕೆ ಕೊಡಬಹುದು. "ಐದಾರು ಪಟ್ಟು" ಎಂದರೆ ಅಳತೆಗೆರೆ ಎಲ್ಲಿಂದ ಶುರುವಾಗಿದೆ ಎಂದು ನೋಡಿ. "ಗುಡ್ಡೆಯಲ್ಲಿ ಕಡಿಮೆ" ಎಂದರೆ ಎರಡನೆಯ ಹಂತಕ್ಕೆ ಹಿಂತಿರುಗಿ ಯಾವುದನ್ನು ನೂರು ಮಾಡಿದ್ದೀರಿ ಎಂದು ಪರಿಶೀಲಿಸಿ.